ಒಂದೇ ಸಾಲಿನಿಂದ ಇಡೀ ಮರ: ಮೇಲ್ಮಿತಿ ಹಿಡಿದು ಸರ್ಚ್ ಟ್ರೀ ಕಟ್ಟುವ ಬಗೆ

ಬೈನರಿ ಸರ್ಚ್ ಟ್ರೀಯಲ್ಲಿ ಪ್ರತಿ ನೋಡ್‌ಗೂ ಒಂದು ಸಂಖ್ಯೆ ಇರುತ್ತದೆ. ಆ ನೋಡ್‌ನ ಎಡಕ್ಕೆ ಇಳಿಯುವ ಕೊಂಬೆಯಲ್ಲಿ ಇರುವುದೆಲ್ಲ ಅದಕ್ಕಿಂತ ಚಿಕ್ಕದು, ಬಲಕ್ಕೆ ಇಳಿಯುವ ಕೊಂಬೆಯಲ್ಲಿ ಇರುವುದೆಲ್ಲ ದೊಡ್ಡದು. ಇಂಥ ಮರವನ್ನು ಫೈಲಿನಲ್ಲಿ ಉಳಿಸಬೇಕಾದಾಗ ಸಂಖ್ಯೆಗಳನ್ನು ಒಂದು ಸಾಲಾಗಿ ಬರೆದಿಡುವುದು ರೂಢಿ. ಪ್ರಿಆರ್ಡರ್ ಎಂಬುದು ಹಾಗೆ ಬರೆಯುವ ಕ್ರಮಗಳಲ್ಲಿ ಒಂದು: ಮೊದಲು ಬೇರು, ಆಮೇಲೆ ಎಡ ಕೊಂಬೆ ಪೂರ್ತಿ, ಕೊನೆಗೆ ಬಲ ಕೊಂಬೆ ಪೂರ್ತಿ. ಒಳಗಿನ ಪ್ರತಿ ಕೊಂಬೆಗೂ ಇದೇ ನಿಯಮ.

45, 20, 12, 33, 28, 60, 52 ಎಂಬ ಸಾಲು ಕೈಗೆ ಬಂದಿದೆ ಎಂದುಕೊಳ್ಳೋಣ. ಇದು ಯಾವ ಮರದ ಪ್ರಿಆರ್ಡರ್? ಸಾಮಾನ್ಯ ಬೈನರಿ ಮರವಾಗಿದ್ದರೆ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಇನ್ನೊಂದು ಕ್ರಮದ ಸಾಲೂ ಬೇಕಾಗುತ್ತಿತ್ತು. ಸರ್ಚ್ ಟ್ರೀಗೆ ಮಾತ್ರ ಈ ಒಂದು ಸಾಲೇ ಸಾಕು. 45 ಬೇರು, ಅದರ ಮುಂದಿನ ಸಂಖ್ಯೆಗಳಲ್ಲಿ 45ಕ್ಕಿಂತ ಚಿಕ್ಕವು ಎಡಕ್ಕೆ, ದೊಡ್ಡವು ಬಲಕ್ಕೆ. ಎಡ ಕೊಂಬೆ ಎಲ್ಲಿ ಮುಗಿಯಿತು ಎಂದು ಯಾರೂ ಬೇರೆಯಾಗಿ ಗುರುತು ಹಾಕಬೇಕಿಲ್ಲ. 60 ಬಂದ ಕೂಡಲೇ ಅದು ತಾನಾಗಿ ತಿಳಿಯುತ್ತದೆ.

ತಕ್ಷಣ ಹೊಳೆಯುವ ದಾರಿ ಎಂದರೆ ಸಂಖ್ಯೆಗಳನ್ನು ಒಂದೊಂದಾಗಿ ಮರಕ್ಕೆ ಸೇರಿಸುತ್ತ ಹೋಗುವುದು. ಪ್ರತಿ ಸಂಖ್ಯೆಯೂ ಬೇರಿನಿಂದ ಹೊರಟು, ಹೋಲಿಸಿಕೊಳ್ಳುತ್ತ ಇಳಿದು, ಖಾಲಿ ಜಾಗ ಸಿಕ್ಕಲ್ಲಿ ಕೂರುತ್ತದೆ. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಸಾಲು ಏರಿಕೆಯ ಕ್ರಮದಲ್ಲಿದ್ದರೆ ಮರ ಬಲಕ್ಕೆ ಉದ್ದವಾಗಿ ಇಳಿದ ಒಂದು ಸರಪಳಿಯಾಗುತ್ತದೆ, ಹೊಸದಾಗಿ ಬಂದ ಪ್ರತಿ ಸಂಖ್ಯೆಯೂ ಅದರ ತುದಿಯವರೆಗೆ ನಡೆಯಬೇಕಾಗುತ್ತದೆ. ಹತ್ತು ಸಾವಿರ ಸಂಖ್ಯೆಗಳಿಗೆ ಆಗುವ ಹೋಲಿಕೆಗಳು 4,99,95,000, ಅಂದರೆ ಹತ್ತಿರ ಹತ್ತಿರ ಐದು ಕೋಟಿ. ಇನ್ನೊಂದು ದಾರಿ, ಬೇರಿಗಿಂತ ದೊಡ್ಡದಾದ ಮೊದಲ ಸಂಖ್ಯೆಯನ್ನು ಹುಡುಕಿ ಸಾಲನ್ನು ಅಲ್ಲಿ ಎರಡಾಗಿ ಕತ್ತರಿಸುವುದು. ಇಳಿಕೆಯ ಸಾಲು ಸಿಕ್ಕರೆ ಅದೂ ಸೋಲುತ್ತದೆ: ಅಂಥ ದೊಡ್ಡ ಸಂಖ್ಯೆ ಇಲ್ಲವೇ ಇಲ್ಲ ಎಂದು ತಿಳಿಯಲು ಪ್ರತಿ ಸಲವೂ ಸಾಲಿನ ಕೊನೆಯವರೆಗೆ ಹೋಗಬೇಕು.

ಎರಡರಲ್ಲೂ ಇರುವ ದೋಷ ಒಂದೇ. ಒಮ್ಮೆ ನೋಡಿದ ಸಂಖ್ಯೆಯನ್ನು ಮತ್ತೆ ಮತ್ತೆ ನೋಡಲಾಗುತ್ತಿದೆ. ಮೇಲ್ಮಿತಿಯ ವಿಧಾನದಲ್ಲಿ ಸಾಲಿನ ಮೇಲೆ ಒಂದೇ ಒಂದು ಬೆರಳು ಇರುತ್ತದೆ, ಅದು ಎಡದಿಂದ ಬಲಕ್ಕೆ ಸಾಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ. ಮರದ ಪ್ರತಿ ಖಾಲಿ ಜಾಗಕ್ಕೂ ಒಂದು ಮೇಲ್ಮಿತಿ ಇರುತ್ತದೆ, ಅಂದರೆ ಆ ಜಾಗದಲ್ಲಿ ಮತ್ತು ಅದರ ಕೆಳಗೆ ಕೂರಬಹುದಾದ ಸಂಖ್ಯೆಯ ಗರಿಷ್ಠ ಬೆಲೆ. ಬೆರಳಿನಡಿಯ ಸಂಖ್ಯೆ ಆ ಮಿತಿಯೊಳಗಿದ್ದರೆ ಅಲ್ಲಿ ಕೂರುತ್ತದೆ, ಬೆರಳು ಮುಂದೆ ಸರಿಯುತ್ತದೆ. ಮಿತಿ ಮೀರಿದ್ದರೆ ಜಾಗ ಖಾಲಿಯಾಗಿಯೇ ಉಳಿಯುತ್ತದೆ, ಬೆರಳು ಇದ್ದಲ್ಲೇ ಇರುತ್ತದೆ. ಎಡ ಕೊಂಬೆಗೆ ಮೇಲ್ಮಿತಿ ಆ ನೋಡ್‌ನ ಸಂಖ್ಯೆಯೇ. ಬಲ ಕೊಂಬೆಗೆ, ಆ ನೋಡ್‌ಗೆ ಮೇಲಿನಿಂದ ಬಂದಿದ್ದ ಮಿತಿಯೇ ಹಾಗೇ ದಾಟುತ್ತದೆ. ಬೇರಿಗೆ ಮಿತಿ ಅನಂತ.

ಪೈಥಾನ್‌ನಲ್ಲಿ ಬರೆದರೆ ಇಷ್ಟೇ:

```python
def build(a):
    i = 0
    def grow(bound):
        nonlocal i
        if i == len(a) or a[i] > bound:
            return None
        node = Node(a[i])
        i += 1
        node.left = grow(node.val)
        node.right = grow(bound)
        return node
    return grow(float("inf"))
```

ಮೇಲಿನ ಏಳು ಸಂಖ್ಯೆಗಳನ್ನು ಇದಕ್ಕೆ ಕೊಟ್ಟು ನೋಡಬಹುದು. 45 ಅನಂತಕ್ಕಿಂತ ಚಿಕ್ಕದು, ಬೇರಾಯಿತು. ಅದರ ಎಡಕ್ಕೆ ಮಿತಿ 45. 20 ಅದರೊಳಗಿದೆ, ಕೂತಿತು. 20ರ ಎಡಕ್ಕೆ ಮಿತಿ 20, 12 ಕೂತಿತು. ಈಗ ಬೆರಳು 33ರ ಮೇಲಿದೆ. 12ರ ಎಡಕ್ಕೆ ಮಿತಿ 12, ಅಲ್ಲಿ 33ಕ್ಕೆ ಜಾಗವಿಲ್ಲ. 12ರ ಬಲಕ್ಕೆ ಮೇಲಿನಿಂದ ಬಂದ ಮಿತಿ 20, ಅಲ್ಲಿಯೂ ಇಲ್ಲ. 12ರ ಕೆಲಸ ಮುಗಿದು ಸರದಿ 20ರ ಬಲಕ್ಕೆ ಬರುತ್ತದೆ. ಅಲ್ಲಿನ ಮಿತಿ 45, ಆದ್ದರಿಂದ 33 ಅಲ್ಲಿ ಕೂರುತ್ತದೆ. ಅದರ ಎಡಕ್ಕೆ 28 ಸೇರುತ್ತದೆ.

ಇನ್ನು 60ರ ಸರದಿ. 28ರ ಎಡಕ್ಕೆ ಮಿತಿ 28, ಬಲಕ್ಕೆ 33, 33ರ ಬಲಕ್ಕೆ 45. ಮೂರು ಬಾಗಿಲೂ ಮುಚ್ಚಿವೆ. ಮೂರನೆಯದು ಮುಚ್ಚಿದಾಗ 45ರ ಎಡ ಕೊಂಬೆಯೇ ಪೂರ್ತಿ ಮುಗಿದಂತಾಯಿತು, ಕರೆಗಳೆಲ್ಲ ಒಂದರ ಹಿಂದೆ ಒಂದು ಹಿಂದಿರುಗಿ 45ರ ಬಲಕ್ಕೆ ಬರುತ್ತವೆ. ಅಲ್ಲಿನ ಮಿತಿ ಅನಂತ, 60 ಕೂರುತ್ತದೆ. 52 ಅದರ ಎಡಕ್ಕೆ ಹೋಗುತ್ತದೆ. ಸಾಲು ಮುಗಿಯಿತು, ಉಳಿದ ಜಾಗಗಳೆಲ್ಲ ಖಾಲಿ.

ಇಲ್ಲಿ ಒಂದು ಅನುಮಾನ ಸಹಜ. ಬಲ ಕೊಂಬೆಯಲ್ಲಿ ಕೂರುವ ಸಂಖ್ಯೆ ನೋಡ್‌ಗಿಂತ ದೊಡ್ಡದಿರಬೇಕು ತಾನೇ? ಆ ಕೆಳಮಿತಿಯನ್ನು ಕೋಡ್ ಎಲ್ಲಿಯೂ ಪರೀಕ್ಷಿಸುತ್ತಿಲ್ಲ. ಪರೀಕ್ಷಿಸುವ ಅಗತ್ಯ ಬೀಳದಿರುವುದಕ್ಕೆ ಕಾರಣ ಕರೆಗಳ ಸರದಿಯಲ್ಲೇ ಇದೆ. ಬಲ ಕೊಂಬೆಯ ಕರೆ ಹೊರಡುವುದು ಎಡ ಕೊಂಬೆಯ ಕರೆ ಮುಗಿದ ಮೇಲೆ. ಎಡದ ಕರೆ ಮುಗಿಯಬೇಕಾದರೆ ಸಾಲು ತೀರಿರಬೇಕು, ಇಲ್ಲವೇ ಬೆರಳಿನಡಿಯ ಸಂಖ್ಯೆ ನೋಡ್‌ನ ಸಂಖ್ಯೆಯನ್ನು ಮೀರಿರಬೇಕು. ಆದ್ದರಿಂದ ಬಲಕ್ಕೆ ಬರುವ ಮೊದಲ ಸಂಖ್ಯೆ ದೊಡ್ಡದೇ ಆಗಿರುತ್ತದೆ. ಅದರ ನಂತರದವುಗಳ ಭರವಸೆ ಕೊಡುವುದು ಸಾಲು: ಸರಿಯಾದ ಪ್ರಿಆರ್ಡರ್‌ನಲ್ಲಿ ಬಲ ಕೊಂಬೆ ಶುರುವಾದ ಮೇಲೆ ಬೇರಿಗಿಂತ ಚಿಕ್ಕದು ಬರುವುದೇ ಇಲ್ಲ.

ಖರ್ಚಿನ ಲೆಕ್ಕವೂ ಸುಲಭ. grow ಫಂಕ್ಷನ್‌ನ ಪ್ರತಿ ಕರೆಯೂ ಒಂದು ನೋಡ್ ಕೂರಿಸುತ್ತದೆ, ಇಲ್ಲವೇ ಒಂದು ಖಾಲಿ ಜಾಗವನ್ನು ಖಾಲಿ ಎಂದು ತೀರ್ಮಾನಿಸುತ್ತದೆ. n ನೋಡ್‌ಗಳ ಬೈನರಿ ಮರದಲ್ಲಿ ಖಾಲಿ ಜಾಗಗಳು ಯಾವಾಗಲೂ n+1. ಹಾಗಾಗಿ ಒಟ್ಟು ಕರೆಗಳು 2n+1, ಮರದ ಆಕಾರ ಹೇಗೇ ಇರಲಿ. ಏಳು ಸಂಖ್ಯೆಗಳಿಗೆ ಹದಿನೈದು ಕರೆ. ಆ ಹತ್ತು ಸಾವಿರಕ್ಕೆ 20,001.

ಈ ವೇಗ ಅಷ್ಟು ಸುಲಭವಾಗಿ ನಂಬುವಂಥದ್ದಲ್ಲ. ಸರ್ಚ್ ಟ್ರೀ ಸಿಕ್ಕರೆ ಅದರಲ್ಲಿರುವ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಓದುವುದು ಒಂದು ಸುತ್ತಿನ ಕೆಲಸ. ಬರೀ ಹೋಲಿಕೆಗಳಿಂದ n ಸಂಖ್ಯೆಗಳನ್ನು ಜೋಡಿಸಲು ಸುಮಾರು n log n ಹೋಲಿಕೆ ಬೇಕೇ ಬೇಕು ಎಂಬುದು ಸಾಬೀತಾದ ಮಾತು. ಹಾಗಿದ್ದರೆ ಇಲ್ಲಿ ಆ ನಿಯಮ ಮುರಿಯಿತೇ? ಇಲ್ಲ. ಪ್ರಿಆರ್ಡರ್ ಎಂದು ಕೊಟ್ಟ ಸಾಲು ಯಾವುದೋ ಒಂದು ಸಾಲಲ್ಲ, ಅರ್ಧ ಜೋಡಿಸಿಟ್ಟ ಸಾಲು. ಹತ್ತು ಬೇರೆ ಬೇರೆ ಸಂಖ್ಯೆಗಳನ್ನು 36,28,800 ರೀತಿಯಲ್ಲಿ ಸಾಲಾಗಿಡಬಹುದು. ಅವುಗಳಲ್ಲಿ ಸರ್ಚ್ ಟ್ರೀಯ ಪ್ರಿಆರ್ಡರ್ ಆಗಬಲ್ಲವು 16,796 ಮಾತ್ರ.

ಅನರ್ಹವಾದ ಸಾಲು ಕೊಟ್ಟರೆ ಮೇಲಿನ ಕೋಡ್ ತಕರಾರು ಮಾಡುವುದಿಲ್ಲ, ಅದೇ ಅದರ ದೊಡ್ಡ ಅಪಾಯ. 8, 10, 5 ಕೊಟ್ಟು ನೋಡಬಹುದು. 8 ಬೇರು, 10 ಅದರ ಬಲಕ್ಕೆ. 5 ಬಂದಾಗ 10ರ ಎಡದ ಮಿತಿ 10, ಆದ್ದರಿಂದ ಅಲ್ಲೇ ಕೂರುತ್ತದೆ. ಈಗ 8ರ ಬಲ ಕೊಂಬೆಯಲ್ಲಿ 5 ಇದೆ. ಎರರ್ ಬರುವುದಿಲ್ಲ, ಮೂರು ಸಂಖ್ಯೆಗಳೂ ಮರದಲ್ಲಿವೆ, ಮರದ ಪ್ರಿಆರ್ಡರ್ ತೆಗೆದರೆ ಕೊಟ್ಟ ಸಾಲೇ ಬರುತ್ತದೆ. ಆದರೆ 5 ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ, ಹುಡುಕಾಟ 8ರಿಂದ ಎಡಕ್ಕೆ ಹೋಗಿ ಬರಿಗೈಲಿ ಮರಳುತ್ತದೆ. ಇದನ್ನು ಹಿಡಿಯಲು ಕಟ್ಟಿದ ಮರವನ್ನು ಎಡ, ಬೇರು, ಬಲ ಎಂಬ ಕ್ರಮದಲ್ಲಿ ಓದಬೇಕು. 8, 5, 10 ಎಂದು ಬಂದರೆ ಏರಿಕೆ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ತಪ್ಪು ಕೋಡ್ ಬರೆಯುವವರದು. ಬೆರಳಿನ ಸ್ಥಾನ i ಎಲ್ಲ ಕರೆಗಳಿಗೂ ಒಂದೇ ಆಗಿರಬೇಕು. Nonlocal ಎಂಬ ಸಾಲು ಅದಕ್ಕಾಗಿಯೇ ಇದೆ. ಅದರ ಬದಲು i ಅನ್ನು ಪ್ರತಿ ಕರೆಗೂ ಬರೀ ಬೆಲೆಯಾಗಿ ದಾಟಿಸಿದರೆ, ಎಡ ಕೊಂಬೆ ಎಷ್ಟು ಸಂಖ್ಯೆಗಳನ್ನು ಬಳಸಿತು ಎಂಬುದು ಬಲ ಕೊಂಬೆಗೆ ತಿಳಿಯುವುದೇ ಇಲ್ಲ. 45ರ ಬಲದ ಕರೆ ಮತ್ತೆ 20ರಿಂದಲೇ ಶುರುಮಾಡುತ್ತದೆ, ಮಿತಿ ಅನಂತವಾದ್ದರಿಂದ 20 ಅಲ್ಲಿಯೂ ಕೂರುತ್ತದೆ. ಮರದ ನೋಡ್‌ಗಳನ್ನು ಎಣಿಸಿ ಸಾಲಿನ ಉದ್ದಕ್ಕಿಂತ ಹೆಚ್ಚು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಒಂದೇ ಸಂಖ್ಯೆ ಎರಡು ಸಲ ಬರಬಹುದಾದ ಸಾಲಾದರೆ ಈ ಕೋಡ್ ಸಮಾನವಾದದ್ದನ್ನು ಎಡಕ್ಕೆ ಕಳಿಸುತ್ತದೆ; ಬಲಕ್ಕೆ ಇಡುವ ರೂಢಿಯ ಮರಕ್ಕೆ > ಇದ್ದಲ್ಲಿ >= ಬರೆಯಬೇಕು.

ಆಳದ ಸಮಸ್ಯೆ ಬೇರೆಯದು. ಮರ ಸಮತೋಲವಾಗಿದ್ದರೆ ಹತ್ತು ಲಕ್ಷ ನೋಡ್‌ಗಳಿಗೂ ಕರೆಗಳು ಒಂದರೊಳಗೊಂದು ಇಪ್ಪತ್ತು ಚಿಲ್ಲರೆ ಹಂತ ಮಾತ್ರ ಇಳಿಯುತ್ತವೆ. ಸರಪಳಿಯಂಥ ಮರವಾದರೆ ನೋಡ್‌ಗಳಿದ್ದಷ್ಟೂ ಹಂತ. ಪೈಥಾನ್ ತಾನಾಗಿ ಬಿಡುವುದು 1,000 ಹಂತಗಳನ್ನು ಮಾತ್ರ, ಅದರಾಚೆ RecursionError ಬಂದು ಕೆಲಸ ನಿಲ್ಲುತ್ತದೆ. ಆಗ ಕರೆಗಳ ಬದಲು ಒಂದು ಸ್ಟ್ಯಾಕ್ ಇಟ್ಟುಕೊಳ್ಳುವುದು ವಾಸಿ. ಬಲ ಕೊಂಬೆ ಇನ್ನೂ ಶುರುವಾಗದ ನೋಡ್‌ಗಳು ಅದರಲ್ಲಿರುತ್ತವೆ. ಹೊಸ ಸಂಖ್ಯೆ ಬಂದಾಗ ಸ್ಟ್ಯಾಕ್‌ನ ಮೇಲಿಂದ ಅದಕ್ಕಿಂತ ಚಿಕ್ಕವನ್ನೆಲ್ಲ ತೆಗೆಯಬೇಕು, ಕೊನೆಗೆ ತೆಗೆದದ್ದರ ಬಲಕ್ಕೆ ಹೊಸದನ್ನು ಜೋಡಿಸಬೇಕು. ಏನೂ ತೆಗೆಯದಿದ್ದರೆ ಮೇಲಿರುವುದರ ಎಡಕ್ಕೆ. ಆಮೇಲೆ ಹೊಸದನ್ನು ಸ್ಟ್ಯಾಕ್‌ಗೆ ಹಾಕಬೇಕು.

ಮೊದಲಿನ ಉದಾಹರಣೆಯಲ್ಲಿ 60 ಬರುವ ಹೊತ್ತಿಗೆ ಸ್ಟ್ಯಾಕ್‌ನಲ್ಲಿ ಕೆಳಗಿನಿಂದ 45, 33, 28 ಇರುತ್ತವೆ. ಮೂರೂ ಹೊರಬರುತ್ತವೆ, ಕೊನೆಗೆ ಬಂದದ್ದು 45, ಅದರ ಬಲಕ್ಕೆ 60. ರಿಕರ್ಷನ್‌ನಲ್ಲಿ 60ನ್ನು ಒಳಗೆ ಬಿಡದೆ ಮುಚ್ಚಿದ್ದ ಮಿತಿಗಳೂ ಇವೇ ಮೂರು. ಕರೆಗಳೊಳಗೆ ಅಡಗಿದ್ದ ಮೇಲ್ಮಿತಿಗಳು ಇಲ್ಲಿ ಸ್ಟ್ಯಾಕ್‌ನಲ್ಲಿ ಎದುರಿಗೇ ಕಾಣುತ್ತವೆ. ಪ್ರತಿ ಸಂಖ್ಯೆಯೂ ಸ್ಟ್ಯಾಕ್‌ಗೆ ಒಮ್ಮೆ ಹೋಗುತ್ತದೆ, ಹೆಚ್ಚೆಂದರೆ ಒಮ್ಮೆ ಹೊರಬರುತ್ತದೆ, ಹಾಗಾಗಿ ಖರ್ಚು ಇಲ್ಲಿಯೂ ಸಾಲಿನ ಉದ್ದಕ್ಕೆ ತಕ್ಕಷ್ಟೇ.

ಸ್ಟ್ಯಾಕ್ ಇಟ್ಟುಕೊಂಡರೆ ಅನರ್ಹ ಸಾಲನ್ನು ಹಿಡಿಯುವುದೂ ಸಲೀಸು. ಕೊನೆಗೆ ತೆಗೆದ ಸಂಖ್ಯೆಯನ್ನು ಕೆಳಮಿತಿ ಎಂದು ನೆನಪಿಟ್ಟುಕೊಂಡರೆ ಸಾಕು: ಅದು ಹೊರಬಂದಿದೆ ಎಂದರೆ ಅದರ ಬಲ ಕೊಂಬೆ ಶುರುವಾಗಿದೆ, ಇನ್ನು ಅದಕ್ಕಿಂತ ಚಿಕ್ಕದು ಬರುವಂತಿಲ್ಲ. 8, 10, 5ರಲ್ಲಿ 10 ಬಂದಾಗ 8 ಹೊರಬಿತ್ತು, ಕೆಳಮಿತಿ 8 ಆಯಿತು; 5 ಕಂಡೊಡನೆ ಸಾಲು ತಪ್ಪು ಎಂದು ಹೇಳಬಹುದು. ಅನರ್ಹ ಸಾಲುಗಳೆಲ್ಲ ಈ ಒಂದೇ ಬಗೆಯವು. ಒಂದು ಸಂಖ್ಯೆ, ಮುಂದೆಲ್ಲೋ ಅದಕ್ಕಿಂತ ದೊಡ್ಡದು, ಇನ್ನೂ ಮುಂದೆ ಮೊದಲಿನದಕ್ಕಿಂತ ಚಿಕ್ಕದು, ಹೀಗೆ ಮೂರು ಸಿಕ್ಕರೆ ಸಾಲು ಕೆಟ್ಟಿತು. ಸಿಗದಿದ್ದರೆ ಅದಕ್ಕೊಂದು ಮರ ಇದ್ದೇ ಇದೆ. ಒಂದು ಸ್ಟ್ಯಾಕ್‌ನ ನೆರವಿನಿಂದ ಯಾವ ಸಾಲುಗಳನ್ನು ಏರಿಕೆಯ ಕ್ರಮಕ್ಕೆ ತರಬಹುದು ಎಂದು ಡೊನಾಲ್ಡ್ ಕ್ನೂತ್ 1968ರ ತಮ್ಮ ಪುಸ್ತಕದಲ್ಲಿ ವಿಚಾರಿಸಿದಾಗ ಸಿಕ್ಕ ಷರತ್ತೂ ಇದೇ.