ಬಿಸಿನೀರಿನ ತೊಟ್ಟಿಯ ಮೌನಕಾಲ

ನೀರಿನ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಸ್ವಯಂಚಾಲಿತ ನಿಯಂತ್ರಕದಲ್ಲಿ ನಾವು ತುಂಬಬೇಕಾದ ಸಂಖ್ಯೆಗಳು ಮೂರು. ಅನುಪಾತಕ್ಕೆ ಒಂದು, ಅನುಕಲನಕ್ಕೆ ಒಂದು, ಅವಕಲನಕ್ಕೆ ಒಂದು. ಈ ಮೂರರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದಲೇ ಅದಕ್ಕೆ ಪಿ.ಐ.ಡಿ. ನಿಯಂತ್ರಕವೆಂಬ ಹೆಸರು ಬಂದಿದೆ. ಅಂದಾಜಿನಿಂದ ಒಂದೊಂದನ್ನೇ ತಿರುಗಿಸುತ್ತ ಹೋದವನಿಗೆ ಇಡೀ ಮಧ್ಯಾಹ್ನ ಕಳೆದರೂ ನೀರು ಒಮ್ಮೆ ಅತಿಯಾಗಿ ಕಾಯುವುದು, ಮತ್ತೊಮ್ಮೆ ತಣಿಯುವುದು ತಪ್ಪುವುದಿಲ್ಲ. ಆದರೆ ಈ ಸಂಖ್ಯೆಗಳನ್ನು ತೊಟ್ಟಿಯನ್ನೇ ಕೇಳಿ ತಿಳಿಯಲು ಸಾಧ್ಯವಿದೆ. ಕೇಳುವ ಬಗೆ ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ನಮ್ಮ ತೊಟ್ಟಿಯಲ್ಲಿ ಸದಾ ೨೦ ಲೀಟರು ನೀರಿದೆ. ಮಿನಿಟಿಗೆ ೨ ಲೀಟರಿನಂತೆ ೨೬ ಡಿಗ್ರಿ ಸೆಲ್ಸಿಯಸ್ಸಿನ ತಣ್ಣೀರು ಒಳಗೆ ಬರುತ್ತದೆ. ಅಷ್ಟೇ ನೀರು ಕಾದು ಹೊರಗೆ ಹೋಗುತ್ತದೆ. ೭ ಕಿಲೋವಾಟಿನ ವಿದ್ಯುತ್ ಹೀಟರೊಂದು ಒಳಗಿದೆ. ನೀರು ಎಲ್ಲೆಡೆಯೂ ಒಂದೇ ಸಮನಾಗಿ ಕಾಯುವಂತೆ ಒಂದು ಪಂಖವು ಅದನ್ನು ಕಲಕುತ್ತಿರುತ್ತದೆ. ಉಷ್ಣಮಾಪಕವು ಮಾತ್ರ ತೊಟ್ಟಿಯಲ್ಲಿಲ್ಲ. ಬಿಸಿನೀರು ಬೇಕಾದ ಸ್ಥಳದಲ್ಲಿ, ಎಂದರೆ ಹೊರಕೊಳವೆಯಲ್ಲಿ ೪ ಮೀಟರು ದೂರದಲ್ಲಿ, ಅದನ್ನು ಕೂಡಿಸಲಾಗಿದೆ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲು ನಿಯಂತ್ರಕವನ್ನು ಸ್ವಯಂಚಾಲನೆಯಿಂದ ತಪ್ಪಿಸಿ ಹೀಟರನ್ನು ಕೈಯಿಂದಲೇ ಶೇಕಡ ೪೦ಕ್ಕೆ ನಿಲ್ಲಿಸುತ್ತೇವೆ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಾದ ಮೇಲೆ ಉಷ್ಣಮಾಪಕ ೪೬ ಡಿಗ್ರಿಯಲ್ಲಿ ಅಲುಗದೆ ನಿಲ್ಲುತ್ತದೆ. ಈಗ ಹೀಟರನ್ನು ಒಂದೇ ಸಲಕ್ಕೆ ಶೇಕಡ ೫೦ಕ್ಕೆ ಏರಿಸಿ, ಬೇರೆ ಯಾವುದನ್ನೂ ಮುಟ್ಟದೆ, ಗಡಿಯಾರ ಹಿಡಿದು ಉಷ್ಣತೆಯನ್ನು ಬರೆದುಕೊಳ್ಳುತ್ತ ಹೋಗುತ್ತೇವೆ. ಇದೇ ಮೆಟ್ಟಿಲು ಪರೀಕ್ಷೆ. ಬರೆದುಕೊಂಡ ಅಂಕಿಗಳನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿ ಜೋಡಿಸಿದರೆ ದೊರೆಯುವುದು ಪ್ರತಿಕ್ರಿಯಾ ರೇಖೆ.

ರೇಖೆಯು ಕೂಡಲೇ ಏಳುವುದಿಲ್ಲ. ಮೊದಲ ಮಿನಿಟಿನಲ್ಲಿ ಏನೂ ಆಗದು. ಎರಡನೆಯ ಮಿನಿಟಿನ ಕೊನೆಗೆ ಅದು ಸ್ವಲ್ಪ ತಲೆಯೆತ್ತುತ್ತದೆ. ಅಲ್ಲಿಂದ ಚುರುಕಾಗಿ ಏರಿ, ಏರುತ್ತ ಏರುತ್ತ ವೇಗ ಕುಗ್ಗಿಸಿಕೊಂಡು, ಸುಮಾರು ೫೦ ಮಿನಿಟಿನ ಹೊತ್ತಿಗೆ ೫೧ ಡಿಗ್ರಿಯಲ್ಲಿ ಮಟ್ಟಸವಾಗುತ್ತದೆ. ಈ ರೇಖೆಯಿಂದ ನಮಗೆ ಬೇಕಾದವು ಮೂರು ಮಾತ್ರ. ಮೊದಲನೆಯದು ತೊಟ್ಟಿಯ ಗುಣಕ: ಶೇಕಡ ೧೦ರ ಹೆಚ್ಚಳಕ್ಕೆ ೫ ಡಿಗ್ರಿ ಏರಿತಾದ್ದರಿಂದ ಶೇಕಡ ಒಂದಕ್ಕೆ ಅರ್ಧ ಡಿಗ್ರಿ. ಎರಡನೆಯದು, ಹೀಟರು ಬದಲಾದರೂ ಉಷ್ಣಮಾಪಕಕ್ಕೆ ಸುದ್ದಿ ತಲುಪದಿರುವ ಅವಧಿ. ಎಂಜಿನಿಯರುಗಳು ಇದನ್ನು ಡೆಡ್ ಟೈಮ್ ಎನ್ನುತ್ತಾರೆ. ನಾವು ಮೌನಕಾಲವೆಂದು ಕರೆಯೋಣ. ಮೂರನೆಯದು, ಏರಿಕೆ ಎಷ್ಟು ನಿಧಾನವೆಂಬುದನ್ನು ತಿಳಿಸುವ ಕಾಲಸ್ಥಿರಾಂಕ.

ಕೊನೆಯ ಎರಡನ್ನು ಅಳೆಯಲು ರೇಖೆಯ ಅತ್ಯಂತ ಕಡಿದಾದ ಭಾಗಕ್ಕೆ ಸ್ಪರ್ಶರೇಖೆ ಎಳೆಯುವುದು ಹಳೆಯ ಪದ್ಧತಿ. ಅಳತೆಪಟ್ಟಿ ಸ್ವಲ್ಪ ವಾಲಿದರೂ ಉತ್ತರ ಬದಲಾಗುವುದರಿಂದ ಎರಡು ಬಿಂದುಗಳ ಪದ್ಧತಿಯೇ ನಮಗೆ ಹೆಚ್ಚು ಮೆಚ್ಚುಗೆ. ಒಟ್ಟು ಏರಿಕೆಯ ಶೇಕಡ ೨೮ರಷ್ಟು, ಎಂದರೆ ೪೭.೪ ಡಿಗ್ರಿ, ೫ ಮಿನಿಟು ೨೦ ಸೆಕೆಂಡಿಗೆ ಬಂದಿತು. ಶೇಕಡ ೬೩ರಷ್ಟು, ಎಂದರೆ ೪೯.೨ ಡಿಗ್ರಿ, ೧೨ ಮಿನಿಟಿಗೆ ಬಂದಿತು. ಇಂಥ ರೇಖೆಯು ಏಳತೊಡಗಿದ ಮೇಲೆ ಕಾಲಸ್ಥಿರಾಂಕದ ಮೂರನೆಯ ಒಂದು ಪಾಲಿನಲ್ಲಿ ಶೇಕಡ ೨೮ನ್ನೂ, ಪೂರ್ಣ ಕಾಲಸ್ಥಿರಾಂಕದಲ್ಲಿ ಶೇಕಡ ೬೩ನ್ನೂ ಮುಟ್ಟುತ್ತದೆ. ಆದುದರಿಂದ ಎರಡರ ನಡುವಣ ೬ ಮಿನಿಟು ೪೦ ಸೆಕೆಂಡು ಕಾಲಸ್ಥಿರಾಂಕದ ಮೂರನೆಯ ಎರಡು ಪಾಲು. ಅದನ್ನು ಒಂದೂವರೆಯಿಂದ ಗುಣಿಸಿದರೆ ೧೦ ಮಿನಿಟು. ೧೨ರಿಂದ ೧೦ನ್ನು ಕಳೆದರೆ ಉಳಿಯುವ ೨ ಮಿನಿಟೇ ಮೌನಕಾಲ.

ಈ ಅಂಕಿಗಳು ನಂಬಲರ್ಹವೇ? ತೊಟ್ಟಿಯ ೨೦ ಲೀಟರನ್ನು ಮಿನಿಟಿನ ೨ ಲೀಟರಿನಿಂದ ಭಾಗಿಸಿದರೆ ೧೦ ಮಿನಿಟೇ ಬರುತ್ತದೆ, ಕಾಲಸ್ಥಿರಾಂಕ ಸರಿಯಾಗಿದೆ. ಹೀಟರಿನ ಶೇಕಡ ೧೦ ಎಂದರೆ ೭೦೦ ವಾಟು. ಮಿನಿಟಿಗೆ ೨ ಲೀಟರು ಹರಿಯುವ ನೀರನ್ನು ಅದು ೫ ಡಿಗ್ರಿ ಮಾತ್ರ ಕಾಯಿಸಬಲ್ಲದು, ಗುಣಕವೂ ಸರಿಯಾಗಿದೆ. ಇನ್ನು ಮೌನಕಾಲ. ಕೊಳವೆಯ ಒಳವ್ಯಾಸ ೨೫ ಮಿಲಿಮೀಟರು. ಅದರಲ್ಲಿ ನೀರು ಮಿನಿಟಿಗೆ ಸುಮಾರು ೪ ಮೀಟರು ಸಾಗುತ್ತದೆ. ಎಂದ ಮೇಲೆ ಒಂದು ಮಿನಿಟು ಕೊಳವೆಯ ಪ್ರಯಾಣಕ್ಕೇ ಹೋಯಿತು. ಉಳಿದ ಒಂದು ಮಿನಿಟಿನಲ್ಲಿ ಹೀಟರಿನ ಲೋಹದ ಕವಚ ತಾನು ಕಾಯಬೇಕು, ಉಷ್ಣಮಾಪಕದ ಕವಚವೂ ಕಾಯಬೇಕು. ಪರೀಕ್ಷೆಯ ನಡುವೆ ತಣ್ಣೀರಿನ ಉಷ್ಣತೆ ಬದಲಾದರೆ ಮಾತ್ರ ಎಲ್ಲವೂ ಕೆಟ್ಟಂತೆ. ಹೀಟರನ್ನು ಮತ್ತೆ ಶೇಕಡ ೪೦ಕ್ಕೆ ಇಳಿಸಿ ನೋಡಬೇಕು. ನೀರು ೪೬ಕ್ಕೇ ಮರಳದೆ ೪೫ರಲ್ಲೋ ೪೭ರಲ್ಲೋ ನಿಂತರೆ ಆ ರೇಖೆಯನ್ನು ಹರಿದು ಹಾಕಿ ಪರೀಕ್ಷೆಯನ್ನು ಹೊಸದಾಗಿ ಮಾಡುವುದೇ ಲೇಸು.

ರೇಖೆಯಿಂದ ನಿಯಂತ್ರಕದ ಸಂಖ್ಯೆಗಳನ್ನು ಪಡೆಯುವ ಪ್ರಸಿದ್ಧ ಸೂತ್ರಗಳನ್ನು ೧೯೪೨ರಲ್ಲಿ ಅಮೆರಿಕದ ಟೇಲರ್ ಇನ್ಸ್ಟ್ರುಮೆಂಟ್ ಸಂಸ್ಥೆಯ ಜೀಗ್ಲರ್ ಮತ್ತು ನಿಕೋಲ್ಸ್ ಪ್ರಕಟಿಸಿದರು. ಕಾಲಸ್ಥಿರಾಂಕವನ್ನು, ತೊಟ್ಟಿಯ ಗುಣಕ ಮತ್ತು ಮೌನಕಾಲಗಳ ಗುಣಲಬ್ಧದಿಂದ ಭಾಗಿಸಬೇಕು. ನಮಗೆ ದೊರೆಯುವುದು ೧೦. ಇದರ ೧.೨ರಷ್ಟು ಅನುಪಾತ ಗುಣಕ, ಎಂದರೆ ೧೨. ಅನುಕಲನ ಕಾಲವು ಮೌನಕಾಲದ ಎರಡರಷ್ಟು, ೪ ಮಿನಿಟು. ಅವಕಲನ ಕಾಲವು ಅದರ ಅರ್ಧ, ೧ ಮಿನಿಟು.

ಈ ಸಂಖ್ಯೆಗಳ ಅರ್ಥವೇನು? ನೀರು ಗುರಿಗಿಂತ ೧ ಡಿಗ್ರಿ ಕಡಿಮೆಯಿದ್ದರೆ ಅನುಪಾತ ಭಾಗವು ಹೀಟರಿಗೆ ಶೇಕಡ ೧೨ನ್ನು ಕೂಡಿಸುತ್ತದೆ. ಇದೊಂದೇ ಇದ್ದರೆ ಸಾಲದು. ಒಳಬರುವ ತಣ್ಣೀರು ೨೬ರಿಂದ ೨೪ಕ್ಕೆ ಇಳಿಯಿತೆನ್ನೋಣ. ಹೀಟರು ಹೆಚ್ಚು ಉರಿಯಬೇಕಾದರೆ ಸ್ವಲ್ಪವಾದರೂ ಅಂತರ ಉಳಿದಿರಲೇಬೇಕು. ನೀರು ಗುರಿಗಿಂತ ಸುಮಾರು ೦.೩ ಡಿಗ್ರಿ ಕೆಳಗೆ ನಿಂತು ಬಿಡುತ್ತದೆ. ಅನುಕಲನ ಭಾಗವು ಈ ಉಳಿಕೆಯನ್ನು ಸಹಿಸದು. ಅಂತರವು ಹಾಗೆಯೇ ಉಳಿದರೆ ಪ್ರತಿ ೪ ಮಿನಿಟಿಗೂ ಅನುಪಾತ ಭಾಗದಷ್ಟನ್ನೇ ಅದು ಮತ್ತೆ ಸೇರಿಸುತ್ತ ಹೋಗಿ, ಅಂತರವು ಸೊನ್ನೆಯಾದಾಗ ಮಾತ್ರ ನಿಲ್ಲುತ್ತದೆ. ಅವಕಲನ ಭಾಗವು ವೇಗವನ್ನು ನೋಡುತ್ತದೆ: ನೀರು ಮಿನಿಟಿಗೆ ಅರ್ಧ ಡಿಗ್ರಿಯಂತೆ ಏರುತ್ತಿದ್ದರೆ, ಗುರಿ ಮುಟ್ಟುವ ಮೊದಲೇ ಹೀಟರಿನಿಂದ ಶೇಕಡ ೬ನ್ನು ಕಳೆಯುತ್ತದೆ.

ಈಗ ನಿಯಂತ್ರಕವನ್ನು ಸ್ವಯಂಚಾಲನೆಗೆ ಬಿಟ್ಟು, ಗುರಿಯನ್ನು ೪೬ರಿಂದ ೫೧ಕ್ಕೆ ಏರಿಸೋಣ. ಅಂತರ ೫ ಡಿಗ್ರಿ. ಅನುಪಾತ ಭಾಗ ಕೂಡಲೇ ಶೇಕಡ ೬೦ನ್ನು ಸೇರಿಸುತ್ತದೆ. ಮೊದಲಿನ ೪೦ ಸೇರಿ ಹೀಟರು ಪೂರ್ತಿ ೧೦೦ಕ್ಕೆ ಹೋಯಿತು. ನಮಗೆ ಕೊನೆಯಲ್ಲಿ ಬೇಕಾದುದು ಕೇವಲ ೫೦ ಎಂಬುದನ್ನು ಮರೆಯಬಾರದು. ಮೌನಕಾಲದ ಆ ೨ ಮಿನಿಟುಗಳಲ್ಲಿ ಉಷ್ಣಮಾಪಕಕ್ಕೆ ಏನೂ ಗೊತ್ತಿಲ್ಲ. ಅಷ್ಟರಲ್ಲಿ ತೊಟ್ಟಿಯ ನೀರನ್ನು ೫ ಡಿಗ್ರಿ ಏರಿಸಲು ಸಾಕಾಗುವಷ್ಟು ಶಾಖ ಹೀಟರಿನಿಂದ ಹೊರಟು ಹೋಗಿದೆ. ಅನುಕಲನ ಭಾಗವೂ ಸುಮ್ಮನಿಲ್ಲ; ಹೀಟರಿಗೆ ಇನ್ನು ಏರಲು ಎಡೆಯಿಲ್ಲದಿದ್ದರೂ ಅದು ಮಿನಿಟಿಗೆ ಶೇಕಡ ೧೫ರಂತೆ ಲೆಕ್ಕದಲ್ಲಿ ಕೂಡಿಸುತ್ತಲೇ ಇರುತ್ತದೆ. ಸಾಲ ತೀರಿಸಿದ ಮೇಲೂ ಬಡ್ಡಿ ಬರೆಯುವ ಸಾಹುಕಾರನ ಹಾಗೆ! ನೀರು ಗುರಿಯನ್ನು ದಾಟುವುದರಲ್ಲಿ ಆಶ್ಚರ್ಯವಿಲ್ಲ. ದಾಟಿದ ನೀರನ್ನು ಇಳಿಸಲು ನಮ್ಮಲ್ಲಿ ತಂಪುಗಾರ ಯಂತ್ರವಿಲ್ಲ. ಹೀಟರು ಆರಿದ ಮೇಲೆ ತಣ್ಣೀರು ಬಂದು ಬಂದು ಅದು ತಾನಾಗಿ ಇಳಿಯಬೇಕು. ಆದ್ದರಿಂದ ಹೀಟರು ನೂರನ್ನು ಮುಟ್ಟಿದಾಗ ಅನುಕಲನದ ಲೆಕ್ಕವನ್ನು ನಿಲ್ಲಿಸುವ ಏರ್ಪಾಡು ನಿಯಂತ್ರಕದಲ್ಲಿ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಜೀಗ್ಲರ್ ಮತ್ತು ನಿಕೋಲ್ಸರ ಸೂತ್ರ ತಪ್ಪೆಂದು ಇದರ ಅರ್ಥವಲ್ಲ. ಪ್ರತಿಯೊಂದು ತೂಗಾಟವೂ ಹಿಂದಿನದರ ಸುಮಾರು ಕಾಲುಭಾಗಕ್ಕೆ ಇಳಿದರೆ ಸಾಕೆಂಬುದೇ ಅವರ ಗುರಿಯಾಗಿತ್ತು. ಹೊರಗಿನ ಅಡಚಣೆಯನ್ನು ಬೇಗ ಅಡಗಿಸಲು ಅದು ಒಳ್ಳೆಯದೇ; ಗುರಿಯನ್ನು ಆಗಾಗ ಬದಲಿಸುವ ನಮ್ಮಂಥವರಿಗೆ ಒರಟು. ನಾರ್ವೆಯ ಸ್ಕೋಗೆಸ್ಟಾಡರು ೨೦೦೩ರಲ್ಲಿ ಪ್ರಕಟಿಸಿದ ನಿಯಮ ಇದಕ್ಕಿಂತ ಮೃದು. ಅದರಂತೆ ಮೇಲಿನ ೧೦ರ ಅರ್ಧ, ಎಂದರೆ ೫, ಅನುಪಾತ ಗುಣಕವಾಗುತ್ತದೆ; ಅನುಕಲನ ಕಾಲ ತೊಟ್ಟಿಯ ಕಾಲಸ್ಥಿರಾಂಕದಷ್ಟೇ, ೧೦ ಮಿನಿಟು; ಅವಕಲನವೇ ಬೇಡ. ಅದೇ ೫ ಡಿಗ್ರಿಯ ಬದಲಾವಣೆಗೆ ಹೀಟರು ಈಗ ೬೫ಕ್ಕೆ ಮಾತ್ರ ಏರಿ, ಗುರಿಯನ್ನು ಹೆಚ್ಚು ದಾಟದೆ ನೀರನ್ನು ತಂದು ನಿಲ್ಲಿಸುತ್ತದೆ. ನಾವಾದರೆ ಇಲ್ಲಿಂದಲೇ ಪ್ರಾರಂಭಿಸುತ್ತೇವೆ.

ಅವಕಲನವನ್ನು ಕೈಬಿಡಲು ಇನ್ನೊಂದು ಕಾರಣವೂ ಇದೆ. ಉಷ್ಣಮಾಪಕ ೦.೧ ಡಿಗ್ರಿಯ ಹೆಜ್ಜೆಗಳಲ್ಲಿ ಓದುತ್ತದೆಂದೂ ನಿಯಂತ್ರಕ ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆಂದೂ ತಿಳಿಯೋಣ. ಒಂದೇ ಹೆಜ್ಜೆ ಬದಲಾದರೂ ಅದು ಸೆಕೆಂಡಿಗೆ ೦.೧ ಡಿಗ್ರಿಯ ಭಾರಿ ವೇಗವಾಗಿ ಕಾಣುತ್ತದೆ. ೧೨ರ ಗುಣಕಕ್ಕೂ ೬೦ ಸೆಕೆಂಡಿನ ಅವಕಲನ ಕಾಲಕ್ಕೂ ಹೀಟರು ಆ ಕ್ಷಣ ಶೇಕಡ ೭೨ರಷ್ಟು ಜಿಗಿಯುತ್ತದೆ! ನೀರು ಶಾಂತವಾಗಿದ್ದರೂ ಹೀಟರು ಚಡಪಡಿಸುತ್ತಿದ್ದರೆ ದೋಷ ಇಲ್ಲಿಯೇ ಎಂದು ತಿಳಿಯಬೇಕು. ಅದರ ಬದಲು ನೀರೇ ತೂಗಾಡುತ್ತಿದ್ದರೆ ಗಡಿಯಾರ ನೋಡಬೇಕು. ಒಂದು ತೂಗಾಟಕ್ಕೆ ಮೌನಕಾಲದ ನಾಲ್ಕರಷ್ಟು, ನಮ್ಮಲ್ಲಿ ಸುಮಾರು ೭–೮ ಮಿನಿಟು, ಹಿಡಿದರೆ ಅನುಪಾತ ಗುಣಕ ಅತಿಯಾಗಿದೆ. ಅದಕ್ಕಿಂತ ಬಹಳ ನಿಧಾನವಾದ ತೂಗಾಟವಾದರೆ ಅನುಕಲನ ಕಾಲ ಚಿಕ್ಕದಾಗಿದೆ.

ಈಗ ಆ ೪ ಮೀಟರು ಕೊಳವೆಯ ಮಾತಿಗೆ ಬರೋಣ. ಉಷ್ಣಮಾಪಕವನ್ನು ತೊಟ್ಟಿಯ ಬಾಯಿಗೇ ತಂದು ಕೂಡಿಸಿದರೆ ಮೌನಕಾಲ ೨ರಿಂದ ೧ ಮಿನಿಟಿಗೆ ಇಳಿಯುತ್ತದೆ, ಮತ್ತು ಎರಡೂ ಸೂತ್ರಗಳಲ್ಲಿ ನಾವು ಕೊಡಬಹುದಾದ ಗುಣಕ ಇಮ್ಮಡಿಯಾಗುತ್ತದೆ. ಸಂಖ್ಯೆಗಳನ್ನು ಎಷ್ಟು ಜಾಣತನದಿಂದ ತಿದ್ದಿದರೂ ಸಿಗದ ಚುರುಕು ಒಂದು ಸ್ಪಾನರಿನಿಂದ ಸಿಗುತ್ತದೆ.

ನೀರಿನ ಹರಿವನ್ನು ಮಿನಿಟಿಗೆ ೧ ಲೀಟರಿಗೆ ಇಳಿಸಿದರೂ ಇದೇ ಮಾತು ಕಾಣುತ್ತದೆ. ಆಗ ತೊಟ್ಟಿಯ ಗುಣಕವೂ ಕಾಲಸ್ಥಿರಾಂಕವೂ ಎರಡೂ ಇಮ್ಮಡಿಯಾಗುತ್ತವೆ. ಅವುಗಳ ಪ್ರಮಾಣ ಬದಲಾಗದು. ಆದರೆ ಕೊಳವೆಯಲ್ಲಿ ನೀರು ಅರ್ಧ ವೇಗದಲ್ಲಿ ಸಾಗುವುದರಿಂದ ಮೌನಕಾಲ ೩ ಮಿನಿಟಾಗುತ್ತದೆ. ಜೀಗ್ಲರ್ ಮತ್ತು ನಿಕೋಲ್ಸರ ೧೨ ಈಗ ೮ ಆಗಬೇಕು. ನಮ್ಮ ಮೃದುವಾದ ೫ ಸುಮಾರು ೩.೩ ಆಗಬೇಕು. ಹಗಲು ೨ ಲೀಟರು, ರಾತ್ರಿ ೧ ಲೀಟರು ಹರಿಯುವ ತೊಟ್ಟಿಯಾದರೆ ಪರೀಕ್ಷೆಯನ್ನು ರಾತ್ರಿಯ ಹರಿವಿನಲ್ಲಿ ಮಾಡಿ ಆ ಸಂಖ್ಯೆಗಳನ್ನೇ ಇಡಬೇಕು. ಹಗಲಿನಲ್ಲಿ ಅದು ಸ್ವಲ್ಪ ಜಡವಾಗಿ ಕೆಲಸ ಮಾಡೀತು, ಆದರೆ ತೂಗಾಡದು.