ಖಾಲಿ ಬಿಡಬೇಕೇ, ಗುರುತು ಹಾಕಬೇಕೇ?

ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಸಿಗುತ್ತದೆ, ತಪ್ಪಿದರೆ 1 ಹೋಗುತ್ತದೆ, ಖಾಲಿ ಬಿಟ್ಟರೆ ಏನೂ ಇಲ್ಲ. ಆ ಒಂದು ಅಂಕದ ಭಯಕ್ಕೆ ಎಷ್ಟೋ ಮಕ್ಕಳು ಅರ್ಧ ಗೊತ್ತಿದ್ದ ಪ್ರಶ್ನೆಯನ್ನೂ ಬಿಟ್ಟು ಬರುತ್ತಾರೆ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ: ಐದು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ನಾಲ್ಕು ತಪ್ಪಾದರೂ ಬಂದದ್ದು 4, ಹೋದದ್ದು 4. ಐದಕ್ಕೆ ಒಂದಕ್ಕಿಂತ ಹೆಚ್ಚು ಸರಿಯಾಗುವುದಾದರೆ ಗುರುತು ಹಾಕುವುದೇ ಲಾಭ.

ಹಾಗಾದರೆ ಕಣ್ಣುಮುಚ್ಚಿ ಹಾಕಿದರೂ ಲಾಭವೇ? ನಾಲ್ಕು ಆಯ್ಕೆಗಳಿರುವುದರಿಂದ ಪ್ರಶ್ನೆಗೆ ಸರಾಸರಿ ಕಾಲು ಅಂಕ ಬರಬೇಕು ನಿಜ. ಆದರೆ ಅದು ನಿಜಕ್ಕೂ ಕಣ್ಣುಮುಚ್ಚಿದವರ ಲೆಕ್ಕ. ಅರೆಬರೆ ಓದಿದವರು ಕಣ್ಣು ಬಿಟ್ಟುಕೊಂಡೇ ಊಹಿಸುತ್ತಾರೆ, ಪ್ರಶ್ನೆ ತಯಾರಿಸುವವರು ಬಲೆ ಹಾಕುವುದು ಅವರಿಗೇ. ಮೇಲಕ್ಕೆ ಎಸೆದ ಚೆಂಡಿನ ವೇಗ ಎರಡು ಪಟ್ಟಾದರೆ ಅದು ಏರುವ ಎತ್ತರ ನಾಲ್ಕು ಪಟ್ಟಾಗುತ್ತದೆ. ಆಯ್ಕೆಗಳಲ್ಲಿ ‘ಎರಡು ಪಟ್ಟು’ ಕೂಡ ಇದ್ದೇ ಇರುತ್ತದೆ, ವರ್ಗ ಮಾಡಲು ಮರೆತವರಿಗಾಗಿ.

ಆದ್ದರಿಂದ ಪ್ರತಿಯೊಬ್ಬರಿಗೂ ತಮ್ಮದೇ ಲೆಕ್ಕದ ಹಾಳೆ ಬೇಕು. ಮಾಕ್ ಟೆಸ್ಟ್ ಬರೆಯುವಾಗಲೇ ಪ್ರಶ್ನೆಯ ಪಕ್ಕ ಒಂದು ಅಂಕಿ ಬರೆಯಬೇಕು: ತಪ್ಪೆಂದು ಖಚಿತವಾದವನ್ನು ಹೊಡೆದುಹಾಕಿದ ಮೇಲೆ ಉಳಿದ ಆಯ್ಕೆಗಳೆಷ್ಟು? ಬರೆಯುವುದು ಉತ್ತರ ನೋಡುವ ಮುಂಚೆ. ಆಮೇಲೆ ಬರೆದರೆ ಎಲ್ಲವೂ ಗೊತ್ತಿದ್ದದ್ದೇ ಅನ್ನಿಸುತ್ತದೆ.

ಒಬ್ಬ ವಿದ್ಯಾರ್ಥಿನಿಯ ಕೆಲವು ಟೆಸ್ಟ್‌ಗಳ ಹಾಳೆ ಹೀಗಿದೆ ಎಂದುಕೊಳ್ಳೋಣ. ಎರಡು ಆಯ್ಕೆ ಉಳಿದಿದ್ದ 40 ಪ್ರಶ್ನೆಗಳಲ್ಲಿ 18 ಸರಿ, 22 ತಪ್ಪು. ತಪ್ಪೇ ಹೆಚ್ಚೆಂದು ಅವಳಿಗೆ ಬೇಸರ, ಆದರೆ 72ರಲ್ಲಿ 22 ಕಳೆದು 50 ಅಂಕ ಅವಳ ಕೈಗೆ ಬಂದಿದೆ. ನಾಲ್ಕೂ ಆಯ್ಕೆ ಉಳಿದಿದ್ದ 25ರಲ್ಲಿ ಸರಿಯಾದದ್ದು 4. ಬಂದದ್ದು 16, ಹೋದದ್ದು 21. ಅವಳ ನಿಯಮ ಇಲ್ಲೇ ಸಿಕ್ಕಿತು: ಒಂದು ಆಯ್ಕೆಯನ್ನೂ ಹೊಡೆದುಹಾಕಲು ಆಗದಿದ್ದರೆ ಮುಂದಿನ ಪ್ರಶ್ನೆಗೆ ಹೋಗುವುದು. 25 ಪ್ರಶ್ನೆಗಳಲ್ಲಿ ದುರದೃಷ್ಟದ ಪಾಲೂ ಇರಬಹುದಾದ್ದರಿಂದ, ಇನ್ನಷ್ಟು ಟೆಸ್ಟ್ ಬರೆದು ಹಾಳೆ ಬೆಳೆಸಿದಷ್ಟೂ ನಿಯಮ ಗಟ್ಟಿಯಾಗುತ್ತದೆ. ಭೌತಶಾಸ್ತ್ರಕ್ಕೂ ಜೀವಶಾಸ್ತ್ರಕ್ಕೂ ಬೇರೆ ಹಾಳೆ ಇಡುವುದು ಒಳ್ಳೆಯದು, ಎರಡರಲ್ಲೂ ಊಹೆಯ ಗುಣ ಒಂದೇ ಇರುವುದಿಲ್ಲ.

ಈ ಗೆರೆ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪಿಗೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಡಿತವಾಗುವುದರಿಂದ, ಅಲ್ಲಿ ನಾಲ್ಕಕ್ಕೆ ಒಂದು ಸರಿಯಾದರೆ ಮಾತ್ರ ಸಮ. ನಮ್ಮ ಸಿಇಟಿಯಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದೇ ಇಲ್ಲ. ನೀಟ್‌ನ ಅಭ್ಯಾಸಬಲದಿಂದ ಅಲ್ಲಿಯೂ ಖಾಲಿ ಬಿಡುವ ಮಕ್ಕಳು ಗಂಟೆ ಬಾರಿಸುವ ಮುಂಚೆ ಒಎಂಆರ್ ಹಾಳೆಯನ್ನು ಇನ್ನೊಮ್ಮೆ ನೋಡಿ, ಉಳಿದ ವೃತ್ತಗಳನ್ನೆಲ್ಲ ತುಂಬಿಯೇ ಎದ್ದು ಬರಬೇಕು.