ಮೇಲ್ ಇರೋದು ಇಷ್ಟೇ, ಜಾಗ ತುಂಬಿದ್ದು ಹೇಗೆ?

ಇನ್‌ಬಾಕ್ಸ್ ತೆರೆದರೆ ಕಾಣುವುದು ಇನ್ನೂರು ಚಿಲ್ಲರೆ ಮೇಲ್. ಆದರೆ ತಲೆಯ ಮೇಲೊಂದು ಪಟ್ಟಿ ಬಂದು ಕೂತಿರುತ್ತದೆ: ನಿಮ್ಮ ಸ್ಟೋರೇಜ್ ತುಂಬಿದೆ, ಇನ್ನು ಮೇಲ್ ಕಳಿಸಲೂ ಆಗದು, ಪಡೆಯಲೂ ಆಗದು. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಬ್ಯಾಂಕಿನ ಜಾಹೀರಾತು, ಅಂಗಡಿಗಳ ಆಫರ್, ಹಳೆಯ ಟಿಕೆಟ್ ಅಂತ ಒಂದೊಂದಾಗಿ ಮೇಲ್ ಅಳಿಸುತ್ತ ಕೂರುತ್ತಾರೆ. ಅರ್ಧ ದಿನ ಕಳೆದರೂ ಪಟ್ಟಿ ಅಲ್ಲಿಂದ ಅಲ್ಲಾಡುವುದಿಲ್ಲ.

ಅಲ್ಲಾಡದಿರಲು ಕಾರಣ ಸರಳ. ಎಚ್ಚರಿಕೆ ಕಾಣುವುದು ಮೇಲ್‌ನಲ್ಲಿ, ಜಾಗ ತಿಂದಿರುವುದು ಬೇರೆಲ್ಲೋ. ನಮ್ಮಲ್ಲಿ ಬಹುಪಾಲು ಜನ ಬಳಸುವ ಜಿಮೇಲ್ ಖಾತೆಯನ್ನೇ ತೆಗೆದುಕೊಂಡು ನೋಡೋಣ.

2004ರಲ್ಲಿ ಜಿಮೇಲ್ ಶುರುವಾದಾಗ ಕೊಟ್ಟಿದ್ದು 1 ಜಿಬಿ ಜಾಗ. ಅದು ಮೇಲ್‌ಗೆ ಮಾತ್ರ. 2013ರ ಹೊತ್ತಿಗೆ ಮೇಲ್‌ಗೆ 10 ಜಿಬಿ, ಡ್ರೈವ್ ಮತ್ತು ಫೋಟೊಗಳಿಗೆ 5 ಜಿಬಿ ಅಂತ ಬೇರೆ ಬೇರೆ ಪಾಲು ಇತ್ತು. ಆ ವರ್ಷದ ಮೇ ತಿಂಗಳಲ್ಲಿ ಗೂಗಲ್ ಎರಡನ್ನೂ ಕೂಡಿಸಿ 15 ಜಿಬಿ ಮಾಡಿತು. ಅಲ್ಲಿಂದ ಮುಂದೆ ಮೇಲ್, ಫೋಟೊ, ಡ್ರೈವ್ ಮೂರಕ್ಕೂ ಒಂದೇ ಕಣಜ. ಯಾರು ಎಷ್ಟು ತೆಗೆದರೂ ಖಾಲಿಯಾಗುವುದು ಒಂದೇ ರಾಶಿ.

ಆದರೂ ಬಹಳ ಕಾಲ ಯಾರಿಗೂ ಬಿಸಿ ತಟ್ಟಲಿಲ್ಲ. 2015ರಲ್ಲಿ ಬಂದ ಗೂಗಲ್ ಫೋಟೋಸ್, ಚಿತ್ರವನ್ನು ಸ್ವಲ್ಪ ಕುಗ್ಗಿಸಿ ಇಡಲು ಒಪ್ಪಿದರೆ ಎಷ್ಟು ಬೇಕಾದರೂ ಪುಕ್ಕಟೆಯಾಗಿ ಇಟ್ಟುಕೊಳ್ಳುತ್ತಿತ್ತು. ಆ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಅಂದಿನಿಂದ ಏರಿಸಿದ ಚಿತ್ರ, ವಿಡಿಯೊ ಕುಗ್ಗಿಸಿದ್ದಾದರೂ 15 ಜಿಬಿಯ ಲೆಕ್ಕಕ್ಕೇ ಬರುತ್ತದೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್‌ಗೂ ಹಲವು ವರ್ಷ ಲೆಕ್ಕದಿಂದ ವಿನಾಯಿತಿ ಇತ್ತು. 2024ರ ಹೊತ್ತಿಗೆ ಅದೂ ಹೋಯಿತು. ನಾವು ಏನನ್ನೂ ಹೊಸದಾಗಿ ಮಾಡದಿದ್ದರೂ ಲೆಕ್ಕದ ಪುಸ್ತಕಕ್ಕೆ ಎರಡು ಹೊಸ ಬಾಬ್ತು ಸೇರಿಕೊಂಡವು.

ಒಂದು ಉದಾಹರಣೆ ಹಿಡಿದು ನೋಡಿದರೆ ಇದು ತಿಳಿಯಾಗುತ್ತದೆ. ಶಿವಮೊಗ್ಗದ ಒಬ್ಬ ನಿವೃತ್ತ ಮೇಷ್ಟ್ರ ಖಾತೆ ಅಂತ ಇಟ್ಟುಕೊಳ್ಳಿ. 2022ರಲ್ಲಿ ಮಗ ಹೊಸ ಫೋನ್ ಕೊಡಿಸಿ, ಜಿಮೇಲ್ ಹಾಕಿ, ಕೇಳಿದ್ದಕ್ಕೆಲ್ಲ ‘ಸರಿ’ ಒತ್ತಿ ಕೊಟ್ಟ. ಹಾಗೆ ಒತ್ತಿದ್ದರಲ್ಲಿ ಫೋಟೊ ಬ್ಯಾಕಪ್ಪೂ ಒಂದು, ಅದೂ ಮೂಲ ಗಾತ್ರದಲ್ಲಿ. ಈಗ 15 ಜಿಬಿಯಲ್ಲಿ 14.9 ತುಂಬಿದೆ. ಅದರಲ್ಲಿ ಫೋಟೊ, ವಿಡಿಯೊ 9.1, ವಾಟ್ಸ್ಆ್ಯಪ್ ಬ್ಯಾಕಪ್ 2.6, ಡ್ರೈವ್‌ನ ಕಡತಗಳು 1.7, ಮೇಲ್ 1.5 ಜಿಬಿ.

“ಮೇಲೆಲ್ಲ ಅಳಿಸಿಬಿಡ್ಲೇನೋ?” ಅಂತ ಮೇಷ್ಟ್ರು ಮಗನನ್ನು ಕೇಳಿದರೆ, ಅವನು ಹೇಳಬೇಕಾದ್ದು ಇಷ್ಟು: “ಬೇಡ ಅಪ್ಪ, ಪೂರ್ತಿ ಅಳಿಸಿದ್ರೂ ಒಂದೂವರೆ ಜಿಬಿ ದಾಟಲ್ಲ.”

ಗಾತ್ರದ ಅಂತರ ಅಷ್ಟು ದೊಡ್ಡದು. ಬರೀ ಅಕ್ಷರ, ಒಂದೆರಡು ಸಣ್ಣ ಚಿತ್ರ ಇರುವ ಮೇಲ್ ಒಂದಕ್ಕೆ 75 ಕೆಬಿ ಅಂತ ಹಿಡಿದರೆ, ಮೂರು ಸಾವಿರ ಮೇಲ್ ಅಳಿಸಿದರೂ ಸಿಗುವುದು ಸುಮಾರು 225 ಎಂಬಿ. ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದ ವಿಡಿಯೊ, ಫೋನಿನ ಸೆಟ್ಟಿಂಗ್ ನೋಡಿಕೊಂಡು, ನಿಮಿಷಕ್ಕೆ 350 ಎಂಬಿವರೆಗೂ ಹೋಗುತ್ತದೆ. ಮೇಷ್ಟ್ರು ಮೊಮ್ಮಗಳ ನಾಮಕರಣದ ದಿನ ಹನ್ನೆರಡು ನಿಮಿಷ ವಿಡಿಯೊ ಹಿಡಿದಿದ್ದರು. ಅದೊಂದೇ 4.2 ಜಿಬಿ. ಹತ್ತು ವರ್ಷದ ಪತ್ರವ್ಯವಹಾರದ ಸುಮಾರು ಮೂರು ಪಟ್ಟು.

ಇನ್ನು ಅವರ ವಾಟ್ಸ್ಆ್ಯಪ್. ಗುಂಪುಗಳಲ್ಲಿ ಬರುವ ಶುಭೋದಯದ ಚಿತ್ರ, ಹಾಡಿನ ತುಣುಕು ಫೋನಿಗೆ ತಾನಾಗಿ ಇಳಿಯುತ್ತವೆ. ಆ ಫೋಲ್ಡರ್‌ಗೂ ಫೋಟೊ ಬ್ಯಾಕಪ್ ಚಾಲೂ ಇದ್ದರೆ ಅವು ಗೂಗಲ್ ಫೋಟೋಸ್‌ಗೆ ಹೋಗುತ್ತವೆ. ರಾತ್ರಿ ವಾಟ್ಸ್ಆ್ಯಪ್ ತನ್ನದೇ ಬ್ಯಾಕಪ್ ಮಾಡುವಾಗ ಅವೇ ಮತ್ತೊಮ್ಮೆ ಹೋಗುತ್ತವೆ. ಒಂದೇ ಚಿತ್ರ ಒಂದೇ ಕಣಜದಲ್ಲಿ ಎರಡು ಕಡೆ ಕೂರುತ್ತದೆ. ಮೇಷ್ಟ್ರ ಖಾತೆಯಲ್ಲಿ ಹೀಗೆ ಫೋಟೋಸ್ ಸೇರಿದ ವಾಟ್ಸ್ಆ್ಯಪ್ ಸರಕೇ 0.7 ಜಿಬಿ.

ಮೇಲ್‌ನ ಆ 1.5 ಜಿಬಿ ಕೂಡ ಇನ್‌ಬಾಕ್ಸ್‌ನಲ್ಲಿ ಕಾಣುವಂಥದ್ದಲ್ಲ. ಕಳಿಸಿದ ಮೇಲ್, ಆರ್ಕೈವ್ ಮಾಡಿದ ಮೇಲ್, ಪ್ರೊಮೋಷನ್ಸ್ ವಿಭಾಗಕ್ಕೆ ಸರಿದ ಜಾಹೀರಾತು, ಸ್ಪ್ಯಾಮ್, ಕಸದ ಬುಟ್ಟಿ ಎಲ್ಲವೂ ಲೆಕ್ಕದಲ್ಲಿವೆ. 25 ಎಂಬಿಗಿಂತ ದೊಡ್ಡ ಕಡತವನ್ನು ಲಗತ್ತಿಸಿದರೆ ಜಿಮೇಲ್ ಅದನ್ನು ಡ್ರೈವ್‌ಗೆ ಹಾಕಿ ಕೊಂಡಿಯನ್ನಷ್ಟೇ ಕಳಿಸುತ್ತದೆ. ಮೇಲ್ ಅಳಿಸಿದರೂ ಕಡತ ಡ್ರೈವ್‌ನಲ್ಲೇ ಉಳಿಯುತ್ತದೆ.

ಎಲ್ಲಿ ಎಷ್ಟು ಹೋಗಿದೆ ಅಂತ ನೋಡಲು one.google.com/storage ತೆರೆದರೆ ಸಾಕು. ಯಾವುದು ದೊಡ್ಡದೋ ಅಲ್ಲಿಂದ ಕೈಹಾಕಬೇಕು. ಡ್ರೈವ್‌ನಲ್ಲಿ ದೊಡ್ಡ ಕಡತ ಮೊದಲು ಬರುವಂತೆ ನೋಡಲು drive.google.com/drive/quota ಇದೆ. ಮೇಲ್‌ನ ಹುಡುಕು ಪಟ್ಟಿಯಲ್ಲಿ ಹೀಗೆ ಬರೆದರೆ, 10 ಎಂಬಿ ದಾಟಿದ, ಎರಡು ವರ್ಷಕ್ಕಿಂತ ಹಳೆಯ, ಲಗತ್ತು ಇರುವ ಮೇಲ್‌ಗಳು ಮಾತ್ರ ಬರುತ್ತವೆ:

```
has:attachment larger:10M older_than:2y
```

ಜಿಮೇಲ್‌ನಲ್ಲಿ ಲಗತ್ತನ್ನಷ್ಟೇ ಕಿತ್ತುಹಾಕುವ ದಾರಿ ಇಲ್ಲ, ಮೇಲ್ ಪೂರ್ತಿ ಹೋಗಬೇಕು. ಬೇಕಾದ ಕಡತ ಇದ್ದರೆ ಮೊದಲು ಇಳಿಸಿಕೊಳ್ಳಿ.

ಅಳಿಸಿದ ಮೇಲೂ ಜಾಗ ಸಿಗಲಿಲ್ಲ ಅನ್ನುವ ದೂರಿಗೆ ಸಾಮಾನ್ಯವಾಗಿ ಕಾರಣ ಕಸದ ಬುಟ್ಟಿ. ಮೇಲ್ ಮತ್ತು ಡ್ರೈವ್‌ನ ಬುಟ್ಟಿಯಲ್ಲಿ ಅಳಿಸಿದ್ದು 30 ದಿನ ಇರುತ್ತದೆ, ಬ್ಯಾಕಪ್ ಆದ ಫೋಟೊ 60 ದಿನ. ಅಷ್ಟೂ ದಿನ ಅದು ಜಾಗ ಹಿಡಿದೇ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿದ ಮೇಲೆ ಅಂಕಿ ಇಳಿಯಲು ಒಮ್ಮೊಮ್ಮೆ ಒಂದು ದಿನ ಹಿಡಿಯಬಹುದು.

ಎರಡನೆಯ ಕಾರಣ, ಲೆಕ್ಕದಲ್ಲೇ ಇಲ್ಲದ್ದನ್ನು ಅಳಿಸುವುದು. ಮೇಷ್ಟ್ರು 2019ರ ಹಂಪಿ ಪ್ರವಾಸದ ಚಿತ್ರಗಳನ್ನೆಲ್ಲ ನೋವಿನಿಂದಲೇ ಅಳಿಸಿದರು ಅನ್ನಿ. ಅವು ಆಗಲೇ ಕುಗ್ಗಿಸಿದ ರೂಪದಲ್ಲಿ ಏರಿದ್ದರೆ ಇವತ್ತಿಗೂ ಪುಕ್ಕಟೆ. ಚಿತ್ರ ಹೋಗುತ್ತದೆ, ಜಾಗ ಒಂದಿಷ್ಟೂ ಸಿಗುವುದಿಲ್ಲ. ಚಿತ್ರ ತೆರೆದು ಅದರ ವಿವರ ನೋಡಿದರೆ, ಅದು ಖಾತೆಯ ಜಾಗ ಬಳಸುತ್ತಿಲ್ಲ ಅಂತ ಅಲ್ಲೇ ಬರೆದಿರುತ್ತದೆ. ಬೇರೆಯವರು ನಿಮ್ಮೊಡನೆ ಹಂಚಿಕೊಂಡ ಡ್ರೈವ್ ಕಡತದ್ದೂ ಇದೇ ಕಥೆ: ಅದರ ಭಾರ ಒಡೆಯನ ಖಾತೆಗೆ, ನಿಮ್ಮದಕ್ಕಲ್ಲ.

ಮೂರನೆಯದು ಹೆಚ್ಚು ಅಪಾಯದ್ದು. ಗೂಗಲ್ ಫೋಟೋಸ್‌ನಲ್ಲಿ ‘ಫೋನಿನಲ್ಲಿ ಜಾಗ ಮಾಡಿ’ ಅನ್ನುವ ಗುಂಡಿ ಇದೆ. ಅದು ಬ್ಯಾಕಪ್ ಆದ ಚಿತ್ರವನ್ನು ಫೋನಿನಿಂದ ತೆಗೆದು ಖಾತೆಯಲ್ಲಿ ಉಳಿಸುತ್ತದೆ. ಅಂದರೆ ಖಾತೆಯ ಸಮಸ್ಯೆಗೆ ಅದು ಮದ್ದಲ್ಲ. ಹಾಗಂತ ಬ್ಯಾಕಪ್ ಚಾಲೂ ಇರುವ ಫೋನಿನ ಗೂಗಲ್ ಫೋಟೋಸ್‌ನಿಂದ ಚಿತ್ರ ಅಳಿಸಿದರೆ ಖಾತೆ, ಫೋನ್ ಎರಡು ಕಡೆಯಿಂದಲೂ ಹೋಗುತ್ತದೆ. ಅಳಿಸುವ ಮುನ್ನ ಕಂಪ್ಯೂಟರಿಗೋ ಹಾರ್ಡ್ ಡಿಸ್ಕಿಗೋ ನಕಲು ಮಾಡಿ, ಅಲ್ಲಿ ತೆರೆದು ನೋಡಿ ಖಾತ್ರಿಪಡಿಸಿಕೊಳ್ಳಬೇಕು.

ಮೇಷ್ಟ್ರ ಖಾತೆಗೆ ಮರಳಿದರೆ, ಮೂರು ಕೆಲಸ ಸಾಕಾಗುತ್ತದೆ. ನಾಮಕರಣದ ವಿಡಿಯೊವನ್ನು ಹಾರ್ಡ್ ಡಿಸ್ಕಿಗೆ ನಕಲಿಸಿ ಅಳಿಸಿದರೆ 4.2 ಜಿಬಿ. ವಾಟ್ಸ್ಆ್ಯಪ್ ಫೋಲ್ಡರ್‌ನ ಫೋಟೊ ಬ್ಯಾಕಪ್ ನಿಲ್ಲಿಸಿ, ಈಗಾಗಲೇ ಏರಿದ್ದರಲ್ಲಿ ಬೇಡದ್ದನ್ನು ಅಳಿಸಿದರೆ 0.7. ನಿಲ್ಲಿಸಿದ ಮಾತ್ರಕ್ಕೆ ಹಳೆಯದು ತಾನಾಗಿ ಹೋಗದು ಅನ್ನುವುದು ನೆನಪಿರಲಿ. ವಾಟ್ಸ್ಆ್ಯಪ್‌ನ ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ತೆಗೆದುಹಾಕಿದರೆ, ಮುಂದಿನ ಬ್ಯಾಕಪ್ ಹಳೆಯದರ ಜಾಗಕ್ಕೆ ಬಂದಾಗ ಅವರ 2.6 ಜಿಬಿ 0.9ಕ್ಕೆ ಇಳಿಯುತ್ತದೆ. ಒಟ್ಟು 6.6 ಜಿಬಿ ಬಿಡುವು, ಉಳಿದ ಬಳಕೆ 8.3. ಒಂದೇ ಒಂದು ಮೇಲ್ ಅಳಿಸಬೇಕಾಗಿ ಬರಲಿಲ್ಲ. ಮುಂದಕ್ಕೆ ಬೇಗ ತುಂಬದಿರಲು ಫೋಟೊ ಬ್ಯಾಕಪ್ ಗುಣಮಟ್ಟವನ್ನು Storage saver ಮಾಡಬಹುದು. ಚಿತ್ರ ತುಸು ಕುಗ್ಗುತ್ತದೆ, ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ಕಾಣುವುದು ಅಪರೂಪ.

ಬೇರೆ ಸೇವೆ ಬಳಸುವವರೂ ಇದರಿಂದ ಹೊರತಲ್ಲ. ಆ್ಯಪಲ್‌ನ ಐಕ್ಲೌಡ್‌ನಲ್ಲಿ ಮೇಲ್, ಫೋಟೊ, ಫೋನ್ ಬ್ಯಾಕಪ್ ಎಲ್ಲಕ್ಕೂ ಸೇರಿ ಪುಕ್ಕಟೆ ಸಿಗುವುದು 5 ಜಿಬಿ. ಮೈಕ್ರೋಸಾಫ್ಟ್‌ನ ಔಟ್‌ಲುಕ್‌ನಲ್ಲಿ ಮೇಲ್‌ಗೆ ಪ್ರತ್ಯೇಕವಾಗಿ 15 ಜಿಬಿ ಇದ್ದರೂ, 2023ರಿಂದ ಮೇಲ್‌ನ ಲಗತ್ತುಗಳನ್ನು ಒನ್‌ಡ್ರೈವ್‌ ಇರುವ 5 ಜಿಬಿ ಕ್ಲೌಡ್ ಲೆಕ್ಕಕ್ಕೂ ಸೇರಿಸುತ್ತಾರೆ.

ಜಾಗ ತುಂಬಿದಾಗ ಫೋಟೊ ಏರದಿದ್ದರೆ ಗೊತ್ತಾಗುತ್ತದೆ, ಬಾರದ ಮೇಲ್ ಗೊತ್ತಾಗುವುದಿಲ್ಲ. ಪೆನ್ಷನ್ ಕಚೇರಿಯದೋ ಆಸ್ಪತ್ರೆಯದೋ ಮೇಲ್ ವಾಪಸಾದರೆ ಸುದ್ದಿ ಹೋಗುವುದು ಕಳಿಸಿದವರಿಗೆ, ನಿಮಗಲ್ಲ. ಕಳಿಸುವ ಕಡೆಯ ಸರ್ವರ್ ಕೆಲಕಾಲ ಮತ್ತೆ ಮತ್ತೆ ಪ್ರಯತ್ನಿಸುವುದುಂಟು, ಅಷ್ಟರೊಳಗೆ ಜಾಗವಾದರೆ ಬಂದೀತು. ತಡವಾದರೆ ನೀವೇ ಕೇಳಿ ಮತ್ತೆ ತರಿಸಿಕೊಳ್ಳಬೇಕು. ಎರಡು ವರ್ಷ ಹೀಗೇ ಮಿತಿ ಮೀರಿ ಬಿಟ್ಟರೆ ಒಳಗಿರುವುದನ್ನು ಅಳಿಸುವ ಹಕ್ಕನ್ನೂ ಗೂಗಲ್ ಇಟ್ಟುಕೊಂಡಿದೆ.

ದುಡ್ಡು ಕೊಟ್ಟು 100 ಜಿಬಿ ತೆಗೆದುಕೊಳ್ಳುವುದೂ ಒಂದು ದಾರಿ, ಮನೆಯವರು ಹಂಚಿಕೊಂಡರೆ ಖರ್ಚು ಹಗುರ. ಆದರೆ ಚಂದಾ ನಿಲ್ಲಿಸಿದ ದಿನ ಮಿತಿ ಮತ್ತೆ 15ಕ್ಕೆ ಬರುತ್ತದೆ. ಅಷ್ಟರಲ್ಲಿ ಬಳಕೆ 40 ಜಿಬಿ ಆಗಿದ್ದರೆ ಮೊದಲು ನಿಲ್ಲುವುದರಲ್ಲಿ ಮೇಲೂ ಒಂದು. ಬ್ಯಾಂಕ್, ಆಧಾರ್, ಪೆನ್ಷನ್‌ಗೆಲ್ಲ ಕೊಟ್ಟಿರುವ ವಿಳಾಸ ಅದೇ ಆಗಿದ್ದರೆ, ಫೋಟೊ ಬ್ಯಾಕಪ್ಪನ್ನು ಬೇರೊಂದು ಖಾತೆಗೆ ಕಟ್ಟಿಬಿಡುವುದು ಲೇಸು. ಆಗ ವಿಡಿಯೊ ಎಷ್ಟೇ ತುಂಬಿದರೂ ನಿಲ್ಲುವುದು ಆ ಖಾತೆಯೇ ಹೊರತು ಮುಖ್ಯ ಮೇಲ್ ಅಲ್ಲ.